ಪಾಠವು ಕೆಟ್ಟ ಬಗೆ

ಬಿ.ಎಡ್. ವ್ಯಾಸಂಗ ಮಾಡತಕ್ಕವರು ಶಾಲೆಗಳಿಗೆ ಹೋಗಿ ಪಾಠ ಹೇಳುವುದಲ್ಲದೆ, ತಾವು ಹೇಳಿದ ಪಾಠವನ್ನು ತಾವೇ ವಿಮರ್ಶಿಸಿ ಬರೆದೊಪ್ಪಿಸುವ ಪದ್ಧತಿಯೂ ಈಗ ಉಂಟಷ್ಟೆ. ಇದಕ್ಕೆ ಅನೇಕರು ಅನುಸರಿಸುವ ಕ್ರಮವು ಗ್ರಹಾಂ ಗಿಬ್ಸ್ ಎಂಬ ಆಂಗ್ಲ ವಿದ್ವಾಂಸರು 1988ರಲ್ಲಿ ತೋರಿಸಿಕೊಟ್ಟುದು. ನಡೆದುದರ ವರ್ಣನೆ, ಆಗ ಮನಸ್ಸಿಗಾದ ಭಾವ, ಗುಣದೋಷಗಳ ನಿರ್ಣಯ, ಕಾರಣದ ವಿಶ್ಲೇಷಣೆ, ಅದರಿಂದ ತಿಳಿದುಬಂದುದು, ಮುಂದೆ ಮಾಡತಕ್ಕುದು ಎಂದು ಆರು ಮೆಟ್ಟಿಲುಗಳು. ಆರನೆಯದು ಮತ್ತೊಂದು ಪಾಠಕ್ಕೆ ಕರೆದೊಯ್ಯುವುದರಿಂದ ಇದಕ್ಕೆ ಚಕ್ರವೆಂದು ಹೆಸರು.

ಮರಳವಾಡಿಯ ಕಡೆಯ ಪ್ರೌಢಶಾಲೆಯೊಂದರಲ್ಲಿ ಸಂಧಿಪಾಠವನ್ನು ಹೇಳಿದ ತರುಣನೊಬ್ಬನು ಇಂತಹ ವಿಮರ್ಶೆಯನ್ನು ನನಗೆ ತೋರಿಸಿದನು. ಆತನು ಮೊದಲು ಸವರ್ಣದೀರ್ಘ ಸಂಧಿಯ ಲಕ್ಷಣವನ್ನು ಹೇಳಿ, ‘ಗಿರಿ’ಗೆ ‘ಈಶ’ ಸೇರಿ ‘ಗಿರೀಶ’, ‘ಗುರು’ವಿಗೆ ‘ಉಪದೇಶ’ ಸೇರಿ ‘ಗುರೂಪದೇಶ’ ಎಂದು ಹಲಗೆಯ ಮೇಲೆ ಬರೆದನು. ಬಳಿಕ ಲೋಪಸಂಧಿಯ ಲಕ್ಷಣವನ್ನೂ ಹೇಳಿ, ‘ಊರೂರು’ ಯಾವ ಸಂಧಿಯೆಂದು ಕೇಳಿದನು. ತರಗತಿಯ ಬಹುಪಾಲು ಮಕ್ಕಳು ಸವರ್ಣದೀರ್ಘವೆಂದೇ ಬರೆದರು. ತರುಣನಿಗೆ ನಾಚಿಕೆಯೂ ಕೋಪವೂ ಉಂಟಾದುವು.

ಈ ಕೋಪವು ಎರಡನೆಯ ಮೆಟ್ಟಿಲಿನಲ್ಲಿಯೇ ನಿಲ್ಲಬೇಕಾಗಿದ್ದಿತು, ನಾಲ್ಕನೆಯದಕ್ಕೂ ಏರಿತು. ವಿಶ್ಲೇಷಣೆಯ ಸ್ಥಾನದಲ್ಲಿ ಆತನು ಬರೆದುದಿಷ್ಟು: “ಮಕ್ಕಳಿಗೆ ಗಮನವಿರಲಿಲ್ಲ, ವ್ಯಾಕರಣದಲ್ಲಿ ಆಸಕ್ತಿಯಿಲ್ಲ.” ಇದು ಕಾರಣವಲ್ಲ, ದೂರು. ಗಮನವಿಲ್ಲದ ಮಕ್ಕಳು ಬಗೆಬಗೆಯಾಗಿ ತಪ್ಪುವರು. ಎಲ್ಲರೂ ಒಂದೇ ತಪ್ಪನ್ನು ಮಾಡಿದರೆಂದರೆ ಅದಕ್ಕೆ ಒಂದು ನ್ಯಾಯವಿರಬೇಕು. ಅದನ್ನು ಹಲಗೆಯ ಮೇಲೆಯೇ ಹುಡುಕತಕ್ಕುದು. ‘ಊರು’ ಮುಗಿಯುವುದು ಉಕಾರದಿಂದ, ಮುಂದಿನ ‘ಊರು’ ಆರಂಭವಾಗುವುದು ಊಕಾರದಿಂದ. ಸೇರಿದ ಮೇಲೆ ಕಾಣುವುದು ಊಕಾರ. ‘ಗುರೂಪದೇಶ’ವನ್ನು ಚೆನ್ನಾಗಿ ಕೇಳಿದ ಮಗುವೇ ಇಲ್ಲಿ ಮೋಸಹೋಗುವುದು! ಮಕ್ಕಳು ಹೇಳಿದ ನಿಯಮವನ್ನು ಪಾಲಿಸಿದರು. ಉದಾಹರಣೆಯು ಎರಡು ನಿಯಮಗಳಿಗೂ ಒಗ್ಗುವಂತಿದ್ದಿತು.

ಹಾಗಾದರೆ ಬೇರ್ಪಡಿಸುವುದು ಹೇಗೆ? ಸವರ್ಣದೀರ್ಘವು ಸಂಸ್ಕೃತಸಂಧಿ, ಲೋಪವು ಕನ್ನಡಸಂಧಿ ಎಂದು ಹೇಳಬಹುದು. ಆದರೆ ಯಾವ ಪದ ಎಲ್ಲಿಯದೆಂಬುದನ್ನು ಬಾಲಕನು ಬಲ್ಲನೆಂದು ಭಾವಿಸುವುದು ದುಡುಕು. ಉತ್ತರಪದವನ್ನು ಬದಲಾಯಿಸಿ ನೋಡುವುದು ಸುಲಭ. ‘ಊರು’ವಿಗೆ ‘ಅಲ್ಲಿ’ ಸೇರಿದರೆ ‘ಊರಲ್ಲಿ’. ಉಕಾರವು ಹೋದುದು ಕಣ್ಣಿಗೇ ಕಾಣುತ್ತದೆ. ‘ಮಾತು’ ಮತ್ತು ‘ಉಂಟು’ ಸೇರಿದರೆ ‘ಮಾತುಂಟು’. ದೀರ್ಘಸಂಧಿಯಾಗಿದ್ದರೆ ‘ಮಾತೂಂಟು’ ಎನ್ನಬೇಕಾಗುತ್ತಿದ್ದಿತು. (ಹಳಗನ್ನಡದಲ್ಲಿ ‘ಊರ್’ ಎಂಬುದೇ ರೂಪ, ಆ ಉಕಾರವು ತರುವಾಯ ಬಂದು ಸೇರಿದುದು.)

ತರುಣನು ನಾಲ್ಕನೆಯ ಮೆಟ್ಟಿಲನ್ನು ತಿದ್ದಿ ಬರೆದ ಬಳಿಕ ಆರನೆಯದೂ ಬದಲಾಯಿತು. ಮೊದಲು ಅಲ್ಲಿದ್ದುದು “ಇನ್ನು ಮುಂದೆ ಆಸಕ್ತಿ ಹುಟ್ಟಿಸುವೆನು” ಎಂಬುದು. ಅದು ನೆರವೇರಿತೇ ಇಲ್ಲವೇ ಎಂದು ಪರೀಕ್ಷಿಸುವ ಬಗೆಯೇ ಇಲ್ಲ. ಈಗ ಇರುವುದು ಹೀಗೆ: ‘ಊರಲ್ಲಿ’, ‘ಮಾತುಂಟು’ ಮೊದಲು, ಲಕ್ಷಣವನ್ನು ಮಕ್ಕಳೇ ಹೇಳುವುದು ಅನಂತರ, ‘ಊರೂರು’ ಕಟ್ಟಕಡೆಗೆ, ಅದೂ ‘ಗುರೂಪದೇಶ’ದ ಪಕ್ಕದಲ್ಲಿ, ‘ಎರಡರಲ್ಲಿ ಉಕಾರವು ಹೋದುದು ಯಾವುದರಲ್ಲಿ?’ ಎಂಬ ಪ್ರಶ್ನೆಯೊಡನೆ.