ರೈಲಿನಲ್ಲಿ ಒಂದು ರಾತ್ರಿ, ಒಂದು ಮುಚ್ಚಳ ನೀರು

ನಮ್ಮ ಹೆಜಮಾಡಿ, ಮುಲ್ಕಿ ಕಡೆಯ ಮನೆಗಳಲ್ಲಿ ಮುಂಬಯಿಗೆ ಹೋಗಿ ಬರುವವರು ಇಲ್ಲದ ಮನೆ ಕಡಿಮೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಆದ ಮೇಲಂತೂ ಮಧ್ಯಾಹ್ನ ಅಲ್ಲಿ ಮತ್ಸ್ಯಗಂಧ ಹತ್ತಿದ್ರೆ ಬೆಳಿಗ್ಗೆ ಮುಲ್ಕಿಯಲ್ಲಿ ಇಳಿಯಬಹುದು. ಆದ್ರೆ ಆ ಒಂದು ರಾತ್ರಿ ಎಷ್ಟು ಉದ್ದ ಅಂತ ನನ್ನ ತಮ್ಮನಿಗೆ ಕಳೆದ ಮೇ ತಿಂಗಳಲ್ಲಿ ಗೊತ್ತಾಯ್ತು.

ನಾದಿನಿ ಅವಳ ತಂಗಿಯ ಸೀಮಂತಕ್ಕೆ ಮೊದಲೇ ಊರಿಗೆ ಬಂದಿದ್ದಳು. ತಮ್ಮ ನಾಲ್ಕು ವರ್ಷದ ಮಗಳನ್ನು ಕರಕೊಂಡು ಒಬ್ಬನೇ ರೈಲು ಹತ್ತಿದ. ಪನ್ವೇಲ್ ದಾಟಿ ಸ್ವಲ್ಪ ಹೊತ್ತಿಗೆ ಮಗು ವಾಂತಿ ಮಾಡಿತು. ಬಸ್ಸಿನಲ್ಲಿ ಆಗುವ ಹಾಗೆ ತಲೆ ತಿರುಗಿದ್ದಿರಬೇಕು ಅಂದ್ಕೊಂಡ. ಬಾಯಿ ತೊಳೆಸಿ, ಪಾಪ ಬಾಯಾರಿರಬೇಕೂಂತ ಒಂದು ಲೋಟ ನೀರು ಪೂರ್ತಿ ಕುಡಿಸಿದ. ಐದು ನಿಮಿಷ ಆಗಿಲ್ಲ, ಅಷ್ಟೂ ಅವನ ಅಂಗಿ ಮೇಲೆ.

ನನಗೆ ಫೋನ್ ಬಂತು. "ಅಕ್ಕಾ, ಎಂತ ಮಾಡೂದು?" ಅಂದ. ನಾನು ಎರಡು ಮಾತು ಹೇಳುವಷ್ಟರಲ್ಲಿ ಲೈನ್ ಹೋಯ್ತು. ರತ್ನಾಗಿರಿಗೆ ಮೊದಲು ಕರ್ಬುಡೆ ಸುರಂಗ ಉಂಟಲ್ಲ, ಆರೂವರೆ ಕಿಲೋಮೀಟರ್. ಅದರೊಳಗೆ ಯಾರ ಅಕ್ಕನೂ ಸಿಗುವುದಿಲ್ಲ.

ಅಷ್ಟರಲ್ಲಿ ಬೋಗಿಯ ಹೆಂಗಸರೆಲ್ಲ ಎದ್ದು ಬಂದ್ರಂತೆ. ಎಲ್ಲರ ಮೊದಲ ಪ್ರಶ್ನೆ ಒಂದೇ, "ಇದರ ಅಮ್ಮ ಎಲ್ಲಿ?" ಒಬ್ಬರು ಲಿಂಬೆ ಮೂಸಿಸಿದ್ರು, ಒಬ್ಬರು ಸೋಡ ಕೊಡಿ ಅಂದ್ರು. ಇನ್ನೊಬ್ಬರು "ಕೊಡಿ ಇಲ್ಲಿ, ನಿಮಗೆ ಆಗ್ಲಿಕ್ಕಿಲ್ಲ" ಅಂತ ಮಗುವನ್ನೇ ಕೈಯಿಂದ ತಗೊಂಡ್ರು. ಮಗು ಹೋ ಅಂತ ಅತ್ತಿತು, ಅತ್ತದ್ದಕ್ಕೆ ಮತ್ತೆ ವಾಂತಿ. ಅವರೆಲ್ಲ ಒಳ್ಳೆಯ ಮನಸ್ಸಿನವರೇ. ನಾನಿದ್ರೂ ಹಾಗೇ ಮಾಡ್ತಿದ್ದೆ, ಸುಳ್ಳು ಯಾಕೆ ಹೇಳಲಿ?

ರತ್ನಾಗಿರಿಯಲ್ಲಿ ರೈಲು ನಿಂತಿತು. ಬರೀ ರೈಲಿನ ಓಲಾಟಕ್ಕೆ ಬಂದ ವಾಂತಿಯಾದ್ರೆ ನಿಂತ ಮೇಲೆ ಸ್ವಲ್ಪ ಹಗುರ ಆಗ್ಬೇಕು. ಇದು ಆಗಲಿಲ್ಲ. ಮೈ ಬೆಚ್ಚಗಿತ್ತು, ಒಂದು ಸಲ ಭೇದಿಯೂ ಆಯ್ತು. ಆಗ ತಮ್ಮನಿಗೂ ಇದು ಹೊಟ್ಟೆ ಕೆಟ್ಟದ್ದು ಅಂತ ಅಂದಾಜಾಯ್ತು.

ಅವನ ಪುಣ್ಯಕ್ಕೆ ಪಕ್ಕದ ಸಾಲಿನಲ್ಲಿ ಊರಿಗೆ ಬರುವ ಒಬ್ಬಳು ನರ್ಸಿಂಗ್ ಓದುವ ಹುಡುಗಿ ಇದ್ದಳು. ಅವಳ ಬ್ಯಾಗಿನಲ್ಲಿ ಒಆರ್‌ಎಸ್ ಪ್ಯಾಕೆಟ್ ಇತ್ತು. ಆದ್ರೆ ನನಗೆ ಮೆಚ್ಚುಗೆಯಾದದ್ದು ಬೇರೆ. ಅವಳು ಮಗುವನ್ನು ತಗೊಳ್ಳಲಿಲ್ಲ. ಅಪ್ಪನ ಮಡಿಲಿನಲ್ಲೇ ಇರಲಿ ಅಂದಳು, ಮಾಡುವ ಕ್ರಮ ತೋರಿಸಿ ಅವಳ ಜಾಗಕ್ಕೆ ಹೋಗಿ ಕೂತಳು.

ಆ ಕ್ರಮ ಇಷ್ಟೇ. ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ. ರೈಲಿನಲ್ಲಿ ಸಿಗುವ ದೊಡ್ಡ ನೀರಿನ ಬಾಟಲಿ ಸರಿಯಾಗಿ ಒಂದು ಲೀಟರ್. ಎರಡು ಗುಟುಕು ನೀರು ಲೋಟಕ್ಕೆ ಬಗ್ಗಿಸಿ, ಪುಡಿ ಪೂರ್ತಿ ಬಾಟಲಿಗೆ ಹಾಕಿ, ಕರಗುವಷ್ಟು ಅಲ್ಲಾಡಿಸಿ, ಲೋಟದ ನೀರು ತಿರುಗಿ ಅದಕ್ಕೇ ಹಾಕಬೇಕು. ಮಗು ಸಣ್ಣದಲ್ವಾ ಅಂತ ಅರ್ಧ ಪುಡಿ ಅಂದಾಜಿಗೆ ಹಾಕೂದು, ಬೇಗ ಗುಣ ಆಗ್ಲಿ ಅಂತ ಪೂರ್ತಿ ಪುಡಿ ಒಂದೇ ಲೋಟಕ್ಕೆ ಕಲಸೂದು, ಎರಡೂ ತಪ್ಪು. ದಪ್ಪ ಆದ್ರೆ ಉಪ್ಪು ಜಾಸ್ತಿ ಆಗಿ ಮಗುವಿಗೇ ಅಪಾಯ. ಒಂದು ಲೋಟಕ್ಕೆ, ಅಂದ್ರೆ 200 ಮಿ.ಲೀ.ಗೆ ಅಂತಲೇ ಸಣ್ಣ ಪ್ಯಾಕೆಟ್ ಬೇರೆ ಬರ್ತದೆ. ಮೇಲೆ ಬರೆದದ್ದು ಓದಬೇಕು. ಕಲಸಿದ್ದನ್ನು ಒಂದು ದಿನದ ಮೇಲೆ ಇಡಬಾರದು.

ವಾಂತಿ ಆದ ಕೂಡಲೇ ಏನೂ ಕೊಡಬಾರದು. ಹತ್ತು ನಿಮಿಷ ಹೊಟ್ಟೆಗೆ ವಿಶ್ರಾಂತಿ. ಆಮೇಲೆ ಒಂದು ಚಮಚ, ಎರಡು ಮೂರು ನಿಮಿಷ ಬಿಟ್ಟು ಇನ್ನೊಂದು ಚಮಚ. ತಮ್ಮನ ಹತ್ತಿರ ಚಮಚ ಇರಲಿಲ್ಲ. ಬಾಟಲಿಯ ಮುಚ್ಚಳವನ್ನೇ ತೊಳೆದು ಅಳತೆ ಮಾಡಿಕೊಂಡ. ಹೆಚ್ಚುಕಡಿಮೆ ಒಂದು ಚಮಚದಷ್ಟೇ ಹಿಡೀತದೆ. ಎರಡು ನಿಮಿಷಕ್ಕೆ ಒಂದು ಮುಚ್ಚಳ ಅಂದ್ರೆ ಗಂಟೆಗೆ ಮೂವತ್ತು, ಸುಮಾರು 150 ಮಿ.ಲೀ. ಒಂದೇ ಸಲ ಕೊಟ್ಟ ಲೋಟ ನೀರು ನಿಲ್ಲದ ಹೊಟ್ಟೆಯಲ್ಲಿ ಅಷ್ಟೂ ನಿಂತಿತು. ನಡುವೆ ಮತ್ತೊಂದು ಸಲ ವಾಂತಿ ಆಯ್ತಂತೆ. ಪುನಃ ಹತ್ತು ನಿಮಿಷ ನಿಲ್ಲಿಸಿ, ಮೂರು ನಿಮಿಷಕ್ಕೊಂದರ ಹಾಗೆ ಶುರು ಮಾಡಿದ.

ಮಗು ಕಣ್ಣು ಮುಚ್ಚಿದಾಗ ಅಂಗಾತ ಮಲಗಿಸದೆ ಮಗ್ಗುಲಾಗಿ ಮಲಗಿಸಿದ, ವಾಂತಿ ಗಂಟಲಿಗೆ ಸಿಕ್ಕಬಾರದೂಂತ. ಪ್ರತಿ ಸಲ ಕೈ ಸೋಪು ಹಾಕಿ ತೊಳೆದ. ಬಟ್ಟೆಯೆಲ್ಲ ಪ್ಲಾಸ್ಟಿಕ್ ತೊಟ್ಟೆಗೆ ಕಟ್ಟಿದ. ಅವನ ಕೊನೆಯ ಅಂಗಿಯೂ ಹೋಗಿ ಬೈರಾಸು ಹೊದ್ದು ಕೂತಿದ್ದ.

ಆ ಹುಡುಗಿ ಹೆದರಬೇಕಾದದ್ದು ಯಾವಾಗ ಅಂತಲೂ ಹೇಳಿದ್ದಳು. ಎಂಟು ಗಂಟೆ ಹೊತ್ತು ಮೂತ್ರ ಹೋಗದಿದ್ರೆ, ಅತ್ತರೆ ಕಣ್ಣೀರು ಬಾರದಿದ್ರೆ, ಕಣ್ಣು ಗುಳಿ ಬಿದ್ರೆ, ಕರೆದ್ರೆ ಏಳದಷ್ಟು ಮಂಪರು ಬಂದ್ರೆ, ವಾಂತಿಯಲ್ಲಿ ಹಸಿರು ಅಥವಾ ರಕ್ತ ಕಂಡ್ರೆ, ಒಂದು ಚಮಚವೂ ನಿಲ್ಲದಿದ್ರೆ, ಮತ್ತೆ ಮುಲ್ಕಿವರೆಗೆ ಕಾಯಬಾರದು. ಟಿಟಿಇಗೆ ಹೇಳಬೇಕು, ಇಲ್ಲವೇ 139ಕ್ಕೆ ಫೋನ್ ಮಾಡಿ ಮುಂದಿನ ಸ್ಟೇಷನ್ನಿಗೆ ಡಾಕ್ಟರನ್ನು ಕೇಳಬೇಕು. ಸುರಂಗದ ದಾರಿಯಲ್ಲಿ ಸಿಗ್ನಲ್ ಇದ್ದಾಗಲೇ ಮಾಡಬೇಕು. ವಾಂತಿ ನಿಲ್ಲಿಸುವ ಮಾತ್ರೆ ನಾವೇ ಕೊಡುವ ಕೆಲಸ ಬೇಡ.

ಈಗ ನಾನು ಹೇಳ್ಬೇಕಾದ ಮಾತು. ಇದರಲ್ಲಿ ತಾಯಿಯೇ ಬೇಕಾದ ಕೆಲಸ ಯಾವುದುಂಟು? ಒಂದು ಮುಚ್ಚಳ, ಒಂದು ಗಡಿಯಾರ, ನಿದ್ದೆ ಬಿಡುವ ತಾಳ್ಮೆ. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯ ಬಂಗಾಳದ ಬನಗಾಂವ್‌ನ ನಿರಾಶ್ರಿತರಿಗೆ ಕಾಲರಾ ಬಂದು ಡ್ರಿಪ್ಪಿನ ಬಾಟಲಿ ಸಾಲದೆ ಹೋದಾಗ, ಡಾಕ್ಟರ್ ದಿಲೀಪ್ ಮಹಲನಬಿಸ್ ಇಂಥದ್ದೇ ಉಪ್ಪು ಗ್ಲೂಕೋಸಿನ ನೀರನ್ನು ಡ್ರಮ್ಮುಗಳಲ್ಲಿ ಕಲಸಿಡಿಸಿದ್ದರು. ಅಲ್ಲಿ ಲೋಟ ಹಿಡಿದು ಕುಡಿಸಿದವರು ರೋಗಿಗಳ ಮನೆಯವರೇ. ನೂರರಲ್ಲಿ ಮೂವತ್ತರಷ್ಟು ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಬಂತು.

ನಾನು ಎರಡು ಗಂಡುಮಕ್ಕಳನ್ನು ಸಾಕಿದವಳು. ಅವರು ಸಣ್ಣವರಿರುವಾಗ ವಾಂತಿ ಮಾಡಿದ್ರೆ ನಮ್ಮವರು ಬಾಗಿಲಲ್ಲಿ ನಿಂತು "ಎಂತಾಯ್ತು?" ಅಂತ ಕೇಳ್ತಿದ್ರು, ನಾನು "ನೀವು ಆಚೆ ಹೋಗಿ" ಅಂತಿದ್ದೆ. ಅದನ್ನೊಂದು ದೊಡ್ಡಸ್ತಿಕೆ ಅಂದ್ಕೊಂಡಿದ್ದೆ. ತಮ್ಮನನ್ನೂ ಹಾಗೇ ಬೆಳೆಸಿದ್ದು ನಮ್ಮ ಮನೆಯೇ. ಗಂಡಸರಿಗೆ ಗೊತ್ತಾಗೂದಿಲ್ಲ ಅಂತ ನಾವು ಹೇಳೂದು, ಕೈಗೆ ಕೊಡ್ಲಿಕ್ಕೂ ನಾವೇ ಬಿಡದ್ದು. ಆ ಹುಡುಗಿ ತೋರಿಸಿಕೊಟ್ಟು ದೂರ ಕೂತಳಲ್ಲ, ಅದು ನಾವು ಕಲಿಯಬೇಕಾದ್ದು.

ಬೆಳಿಗ್ಗೆ ಮುಲ್ಕಿಯಲ್ಲಿ ಇಳಿದಾಗ ತಮ್ಮನ ಕಣ್ಣು ಕೆಂಪಾಗಿತ್ತು, ಮಗು ಅವನ ಹೆಗಲ ಮೇಲೆ. ನಾನು ಕೈ ಚಾಚಿದೆ, ಮಗು ಬರಲಿಲ್ಲ. "ಕುಂದಾಪುರದ ಹತ್ತಿರ ಒಂದಕ್ಕೆ ಹೋದ್ಲು ಅಕ್ಕಾ!" ಅಂತ, ಪಾಸಾದ ಸುದ್ದಿ ಹೇಳುವ ಹಾಗೆ ಹೇಳಿದ ಮಾರಾಯ್ರೆ. ಸೀದಾ ಡಾಕ್ಟರ ಹತ್ತಿರ ಹೋದೆವು. ನೀರು ಬತ್ತಲಿಲ್ಲ, ಇದನ್ನೇ ಮುಂದುವರಿಸಿ, ಗಂಜಿ ಕೊಡಿ ಅಂದ್ರು.

ಮೊನ್ನೆ ನನ್ನ ದೊಡ್ಡವ ಹೆಂಡತಿ ಮಗುವಿನ ಜೊತೆ ಮುಂಬಯಿಗೆ ಹೊರಟ. ಪ್ಯಾಕೆಟ್ ಎರಡು, ಚಮಚ ಒಂದು ಕಟ್ಟಿಟ್ಟೆ. ಸೊಸೆಯ ಬ್ಯಾಗಿಗೆ ಹಾಕಲಿಲ್ಲ, ಅವನ ಬ್ಯಾಗಿಗೆ ಹಾಕಿದೆ. ಕಲಸುವ ಕ್ರಮ ಅವನ ಹತ್ತಿರವೇ ಎರಡು ಸಲ ಹೇಳಿಸಿದೆ.