ತಾಲೀಮಿನ ಪಟ್ಟಿ ಬೇರೆ, ಗಿರಾಕಿಗಳ ಪಟ್ಟಿ ಬೇರೆ

2023ನೆಯ ಇಸವಿ ಅಕ್ಟೋಬರ್ 12ರಂದು ಕರ್ನಾಟಕದ ಅಸಂಖ್ಯ ಮೊಬೈಲುಗಳು ಒಮ್ಮೆಗೇ ವಿಚಿತ್ರವಾಗಿ ಕೂಗಿಕೊಂಡುದು ವಾಚಕರಿಗೆ ನೆನಪಿರಬಹುದು. ವಿಪತ್ತಿನ ಮುನ್ನೆಚ್ಚರಿಕೆಯ ವ್ಯವಸ್ಥೆಯನ್ನು ಕೇಂದ್ರದ ದೂರಸಂಪರ್ಕ ಇಲಾಖೆಯು ಅಂದು ಪರೀಕ್ಷಿಸಿತು. ಆ ವಿಧಾನದಲ್ಲಿ ಸಂಖ್ಯೆಗಳ ಪಟ್ಟಿಯೆಂಬುದೇ ಇಲ್ಲ. ಗೋಪುರವೊಂದರ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಅಲೆಯು ಒಟ್ಟಿಗೆ ಹೋಗುತ್ತದೆ. ಆದುದರಿಂದ ಜನರಿಗೆ ಮುಟ್ಟದಂತೆ ಅದನ್ನು ಪರೀಕ್ಷಿಸುವುದು ಕಷ್ಟ. ‘ಇದು ಮಾದರಿ ಸಂದೇಶ, ಲಕ್ಷಿಸಬೇಡಿ’ ಎಂದು ಅದರಲ್ಲಿಯೇ ಬರೆಯಬೇಕಾಯಿತು.

ಆದರೆ ಪಟ್ಟಿಯಿರುವ ಕಡೆ ಈ ವಿನಾಯಿತಿ ಸಲ್ಲದೆಂಬುದು ನನ್ನ ಅಭಿಪ್ರಾಯ. 2021ರ ಜೂನ್ 17ರಂದು ಅಮೆರಿಕದ ಎಚ್‌ಬಿಓ ಮ್ಯಾಕ್ಸ್ ಎಂಬ ಚಲನಚಿತ್ರ ಸಂಸ್ಥೆಯ ಅನೇಕ ಚಂದಾದಾರರಿಗೆ Integration Test Email #1 ಎಂಬ ಶೀರ್ಷಿಕೆಯ ಅರ್ಥಹೀನ ಇ-ಮೇಲ್ ತಲುಪಿತು. ಕೆಲಸ ಕಲಿಯಲು ಬಂದಿದ್ದವರೊಬ್ಬರ ಕೈತಪ್ಪೆಂದು ಸಂಸ್ಥೆ ಹೇಳಿತು. ತಪ್ಪು ಕೈಯದಿರಬಹುದು, ಆದರೆ ಒಂದು ಕೈ ತಪ್ಪಿದೊಡನೆ ಗಿರಾಕಿಗಳ ಪಟ್ಟಿಗೇ ದಾರಿ ತೆರೆದಿತ್ತೇಕೆ?

ಬೀದರ ಜಿಲ್ಲೆಯ ಮನ್ನಾಏಖೇಳ್ಳಿಯಲ್ಲಿ ಒಂದು ಬೀಜದ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಅದರ ಪಟ್ಟಿಯಲ್ಲಿ 1,800 ರೈತರಿದ್ದಾರೆ. ಮುಂಗಾರಿಗೆ ಮುನ್ನ, ಗೊತ್ತಾದ ದಿನ ಬೆಳಗಿನ 10 ಗಂಟೆಗೆ, ಸೋಯಾ ಮತ್ತು ತೊಗರಿ ಬೀಜ ಬಂದಿರುವ ಸುದ್ದಿಯನ್ನು ಗಣಕಯಂತ್ರವು ತಾನಾಗಿಯೇ ಅವರಿಗೆ ಕಳುಹಿಸಬೇಕು. ಪರೀಕ್ಷೆಗೆಂದು ಗುಮಾಸ್ತನು ‘ಚೀಲಕ್ಕೆ 1 ರೂಪಾಯಿ’ ಎಂದು ಬರೆದಿದ್ದು, ಅದೇ ಹೊರಟುಹೋದರೆ, ಬಸವಕಲ್ಯಾಣದ ಕಡೆಯ ರೈತನು ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದಾನು. ಬಿತ್ತನೆಯ ಹೊತ್ತಿನಲ್ಲಿ ಒಂದು ದಿನವೆಂದರೆ ಅಲ್ಪವಲ್ಲ.

ಇಂತಹ ಅನರ್ಥ ಹೇಗೆ ಆಗುತ್ತದೆ? ಗುಮಾಸ್ತನು ತಾಲೀಮಿಗಾಗಿ ನಿಜವಾದ ಪಟ್ಟಿಯನ್ನೇ ನಕಲು ಮಾಡಿ ‘ಪರೀಕ್ಷೆ’ ಎಂದು ಹೆಸರಿಡುತ್ತಾನೆ. ಹೆಸರು ಬದಲಾಯಿತು, ಒಳಗಿನ ಸಂಖ್ಯೆಗಳು ರೈತರವೇ. ಇನ್ನೊಂದು ಕಾರಣ ಸೂಕ್ಷ್ಮವಾದುದು. ಎಷ್ಟೋ ವ್ಯವಸ್ಥೆಗಳಲ್ಲಿ ವೇಳೆ ಗೊತ್ತುಪಡಿಸಿದ ಆಜ್ಞೆಯು ಪಟ್ಟಿಯ ಹೆಸರನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು, ಸಂಖ್ಯೆಗಳನ್ನು ಗಂಟೆ ಬಾರಿಸಿದಾಗಲೇ ಓದುತ್ತದೆ. ಸೋಮವಾರ ನೋಡಿದ ಪಟ್ಟಿಯನ್ನು ಬುಧವಾರ ಯಾರಾದರೂ ತುಂಬಿಸಿದ್ದರೆ, ಗುರುವಾರ ಸಂದೇಶ ಹೋಗುವುದು ಹೊಸಬರಿಗೆ. ತಾಲೀಮು ಮುಗಿದ ಮೇಲೆ ರದ್ದುಮಾಡದೆ ಬಿಟ್ಟ ಆಜ್ಞೆಯೂ ಹಾಗೆಯೇ ಕಾದು ಕುಳಿತಿರುತ್ತದೆ.

ಆದುದರಿಂದ ತಾಲೀಮಿನ ಪಟ್ಟಿಯನ್ನು ನಕಲು ಮಾಡದೆ ಹೊಸದಾಗಿ ಕಟ್ಟಬೇಕು. ಬಾಯಿಗೆ ಬಂದ ಹತ್ತು ಅಂಕೆಗಳನ್ನು ಬರೆದರೆ ಸಾಲದು, ಆ ಸಂಖ್ಯೆ ಯಾರದೋ ಆಗಿರಬಹುದು. (ಇ-ಮೇಲಿಗಾದರೆ example.com ಎಂಬ ವಿಳಾಸವನ್ನು ಇಂತಹ ಉದಾಹರಣೆಗಳಿಗಾಗಿಯೇ ಮೀಸಲಿಟ್ಟಿದ್ದಾರೆ.) ಅಂಗಡಿಯವರ ಸ್ವಂತ ಫೋನುಗಳೇ ಸಾಕು. ಆರು ಸಾಲುಗಳನ್ನು ಬರೆಯೋಣ: ಒಡೆಯನದು, ಬಹಳ ಉದ್ದದ ಹೆಸರಿನೊಡನೆ ಗುಮಾಸ್ತನದು, ಹೆಸರಿನ ಜಾಗ ಖಾಲಿ ಬಿಟ್ಟು ಎರಡನೆಯ ಗುಮಾಸ್ತನದು, ಒಡೆಯನ ಸಂಖ್ಯೆಯೇ ಮತ್ತೊಮ್ಮೆ, ‘ಸಂದೇಶ ಬೇಡ’ ಎಂದು ಗುರುತುಮಾಡಿದ ಮಗನದು, ಕೊನೆಯದಾಗಿ, ಅನುಮತಿಯ ಪಟ್ಟಿಯಲ್ಲಿ ಬೇಕೆಂದೇ ಸೇರಿಸದ ತಮ್ಮನದು.

ಈ ಅನುಮತಿಯ ಪಟ್ಟಿಯೇ ಬಾಗಿಲ ಕಾವಲುಗಾರ. ಸಂದೇಶವು ಹೊರಬೀಳುವ ಕಟ್ಟಕಡೆಯ ಹಂತದಲ್ಲಿ ಯಂತ್ರವು ಪ್ರತಿ ಸಂಖ್ಯೆಯನ್ನೂ ಅದರೊಡನೆ ಹೋಲಿಸಿ, ಇಲ್ಲದುದನ್ನು ತಡೆಯಬೇಕು. ಇದು ತಾಲೀಮೋ ನಿಜವೋ ಎಂಬ ಗುರುತೇ ಕಾಣದಿದ್ದರೆ ತಾಲೀಮೆಂದೇ ಭಾವಿಸಬೇಕು. ಇದರ ವಿರುದ್ಧ ಕಟ್ಟಿದ ಕಾವಲು ಮರೆವಿನ ಮೊದಲ ದಿನವೇ ಸೋಲುತ್ತದೆ.

ಹತ್ತು ನಿಮಿಷದ ಮುಂದಿನ ವೇಳೆ ಗೊತ್ತುಮಾಡಿ ಕಾಯೋಣ. ಮೂರು ಸಂದೇಶಗಳು ಹೋಗಬೇಕು. ಇನ್ನು ಮೂರು ಕಾರಣಸಹಿತವಾಗಿ ದಾಖಲೆಯಲ್ಲಿ ತಡೆದಂತೆ ಕಾಣಬೇಕು. ತಮ್ಮನ ಫೋನು ಸದ್ದುಮಾಡಿದರೆ ಕಾವಲು ಇಲ್ಲವೆಂದೇ ಅರ್ಥ. ಹತ್ತು ನಿಮಿಷಕ್ಕೆ ಬರದೆ ಐದೂವರೆ ಗಂಟೆ ತಡವಾಗಿ ಬಂದರೆ, ಯಂತ್ರವು ಗ್ರೀನ್‌ವಿಚ್ ಕಾಲಮಾನ ಓದುತ್ತಿದೆ. 10 ಗಂಟೆಯ ಸುದ್ದಿ ಮಧ್ಯಾಹ್ನ ಮೂರೂವರೆಗೆ ಹೋಗುತ್ತಿತ್ತು. ಉದ್ದ ಹೆಸರಿನ ಸಂದೇಶ ಎರಡು ತುಂಡಾಗಿದ್ದರೂ ಆಶ್ಚರ್ಯವಿಲ್ಲ. ಇಂಗ್ಲಿಷಿನ ಒಂದು ಸಂದೇಶಕ್ಕೆ 160 ಅಕ್ಷರಗಳ ಅವಕಾಶವಿದ್ದರೆ ಕನ್ನಡಕ್ಕೆ 70 ಮಾತ್ರ, ಅದರಲ್ಲಿಯೂ ‘ಸ್ತ್ರೀ’ ಎಂಬ ಒಂದಕ್ಷರ ಆರಾಗಿ ಎಣಿಕೆಯಾಗುತ್ತದೆ. ತುಂಡಿಗೊಂದರಂತೆ ಖರ್ಚು.

ನಂತರ ತಾಲೀಮಿನ ಆಜ್ಞೆಯನ್ನು ರದ್ದುಮಾಡಿ, ನಿಜವಾದ ಪಟ್ಟಿಗೆ ಹೊಸ ಆಜ್ಞೆ ಬರೆಯಬೇಕು. ಆಗ ಯಂತ್ರವು ಸ್ವೀಕರಿಸುವವರ ಸಂಖ್ಯೆಯನ್ನು ತೋರಿಸಿ, ‘1800’ ಎಂದು ಮನುಷ್ಯನೇ ಒತ್ತುವವರೆಗೂ ಮುಂದುವರಿಯಬಾರದು.

ಆರು ಸಾಲುಗಳ ತಾಲೀಮಿನಿಂದ 1,800 ಸಂದೇಶಗಳು ಎಷ್ಟು ಹೊತ್ತಿನಲ್ಲಿ ಹೋದಾವೆಂಬುದು ತಿಳಿಯದು, ನಿಜ. ಅದಕ್ಕಾಗಿ ಇಪ್ಪತ್ತು ರೈತರಿಗೆ ಪರೀಕ್ಷಾ ಸಂದೇಶ ಕಳುಹಿಸಿ ನೋಡಬಹುದೆಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪಲಾರೆ. ಆ ಇಪ್ಪತ್ತು ಮಂದಿಗೆ ಮೊದಲು ಹೋಗಲಿ, ಅಡ್ಡಿಯಿಲ್ಲ. ಆದರೆ ಹೋಗುವುದು ನಿಜವಾದ ಬೆಲೆಯುಳ್ಳ ನಿಜವಾದ ಸುದ್ದಿಯಾಗಿರಲಿ.