ವಾಕ್-ಇನ್‌ಗೆ ಹೊರಡೋ ಮುಂಚೆ ಮೂರು ಪ್ರಶ್ನೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹುಡುಗರಿಗೆ ನಾನು ಹೇಳೋದು ಒಂದೇ: ಬೆಂಗಳೂರಿನ ವಾಕ್-ಇನ್‌ಗೆ ಬಸ್ ಟಿಕೆಟ್ ತೆಗೆಸೋ ಮುಂಚೆ ಎಚ್‌ಆರ್‌ಗೆ ಫೋನ್ ಮಾಡಿ. ಬೆಂಗಳೂರಲ್ಲೇ ಇರೋನು ಗೇಟಿನಿಂದ ವಾಪಸ್ ಬಂದರೆ ಅರ್ಧ ದಿನ ಹೋಗುತ್ತೆ. ನಮ್ಮವರು 500 ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದಿರ್ತಾರೆ. ಎರಡು ರಾತ್ರಿ ಬಸ್ಸಲ್ಲಿ, ಒಂದು ಹಗಲು ಸರದಿಯಲ್ಲಿ.

ಬನಹಟ್ಟಿಯ ನನ್ನ ಚಿಕ್ಕಪ್ಪನ ಮಗನಿಗೆ ಇದನ್ನೇ ಹೇಳಿದೆ. "ಅಣ್ಣಾ, ಹಂಗೆಲ್ಲಾ ಕೇಳಿದ್ರ ಸಿಟ್ಟಾಗ್ತಾರೇನೋ" ಅಂದ. ಮನೆಯಲ್ಲಿ ಮಗ್ಗದ ಕೆಲಸ, ಹೋಗಿಬರೋ ಖರ್ಚೇ ಒಂದು ವಾರದ ಲೆಕ್ಕ. ಕೊನೆಗೆ ಫೋನ್ ಮಾಡಿದ.

ಮೊದಲ ಪ್ರಶ್ನೆ: "ಮೇಡಂ, ರಿಜಿಸ್ಟ್ರೇಷನ್ ಎಷ್ಟು ಗಂಟೆಗೆ ಮುಗಿಯುತ್ತೆ?" ಜಾಹೀರಾತಿನಲ್ಲಿ 10ರಿಂದ 4 ಅಂತಿತ್ತು. ಅವರು ಹೇಳಿದ್ದು, ಟೋಕನ್ ಕೊಡೋದು 11ರವರೆಗೆ ಮಾತ್ರ, ಆಮೇಲಿನದು ಒಳಗೆ ಹೋದವರ ಇಂಟರ್‌ವ್ಯೂ. ಇದೊಂದು ಗೊತ್ತಾಗಿದ್ದಕ್ಕೆ ಅವನು ಒಂದು ಬಸ್ ಮುಂಚೆ ಹಿಡಿದ. ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೂ ವೈಟ್‌ಫೀಲ್ಡ್ ತಲುಪೋದು ಇನ್ನೊಂದು ಪ್ರಯಾಣ ತಾನೇ?

ಎರಡನೇದು: "ಎಲ್ಲಾ ರೌಂಡೂ ಅವತ್ತೇ ಮುಗಿಯುತ್ತಾ?" ಸಾಮಾನ್ಯವಾಗಿ ಮೊದಲು ಲಿಖಿತ ಪರೀಕ್ಷೆ, ಪಾಸಾದವರಿಗೆ ಟೆಕ್ನಿಕಲ್, ಕೊನೆಗೆ ಎಚ್‌ಆರ್. "ಎಷ್ಟೊತ್ತು ಕಾಯಬೇಕು" ಅಂತ ಕೇಳಿದರೆ ಯಾರಿಗೂ ಗೊತ್ತಿರಲ್ಲ. ಹೀಗೆ ಕೇಳಿದರೆ ಉತ್ತರ ಸಿಗುತ್ತೆ. ಅವನಿಗೆ ಸಿಕ್ಕಿದ್ದು, "ಎಚ್‌ಆರ್ ರೌಂಡ್ ಮಾರನೇ ದಿನಕ್ಕೂ ಹೋಗಬಹುದು." ಅದೇ ರಾತ್ರಿಯ ವಾಪಸ್ ಟಿಕೆಟ್ ಮಾಡಿಸಲಿಲ್ಲ; ಗೆಳೆಯನ ರೂಮಿಗೆ ಮೊದಲೇ ಹೇಳಿಟ್ಟ.

ಮೂರನೇದು ಕಾಗದಪತ್ರ. ರೆಸ್ಯೂಮೆ, ಫೋಟೋ, ಗುರುತಿನ ಚೀಟಿ ಎಲ್ಲರೂ ಒಯ್ತಾರೆ. ತಕರಾರು ಬರೋದು ಡಿಗ್ರಿ ಹತ್ರ. ಘಟಿಕೋತ್ಸವದ ಸರ್ಟಿಫಿಕೇಟ್ ಬಂದಿರಲ್ಲ, ಆಗ ಪ್ರೊವಿಷನಲ್ ಸರ್ಟಿಫಿಕೇಟ್ ನಡೆಯುತ್ತಾ? ಅದೂ ಬಂದಿಲ್ಲ ಅಂದ್ರೆ ಎಲ್ಲಾ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಸಾಕಾ? ಎಸ್ಸೆಸ್ಸೆಲ್ಸಿ, ಪಿಯುಸಿದು ಒರಿಜಿನಲ್ ಬೇಕಾ, ಜೆರಾಕ್ಸ್ ಸಾಕಾ? ಬರೀ "ಏನೇನ್ ತರಬೇಕು" ಅಂದ್ರೆ "ಆಲ್ ಡಾಕ್ಯುಮೆಂಟ್ಸ್" ಅಂತಾರೆ, ಅಷ್ಟೇ.

ಇದರ ಜೊತೆ ಇನ್ನೊಂದು ಕೇಳಿ: "ಒರಿಜಿನಲ್ ನೋಡಿ ವಾಪಸ್ ಕೊಡ್ತೀರಲ್ವಾ?" ಇಟ್ಕೋತೀವಿ ಅಂದ್ರೆ, ಅಥವಾ ರಿಜಿಸ್ಟ್ರೇಷನ್‌ಗೆ ದುಡ್ಡು ಅಂದ್ರೆ, ಬಸ್ಸೇ ಹತ್ತಬೇಡಿ. ಮಾರ್ಕ್ಸ್ ಕಾರ್ಡ್ ಅವರ ಕೈಲಿದ್ರೆ ಮುಂದೆ ಬೇರೆ ಕಡೆ ಕೆಲಸ ಸಿಕ್ಕಾಗ ನೀವೇ ಅಂಗಲಾಚಬೇಕು.

ಫೋನಲ್ಲಿ ಹೇಳಿದ್ದನ್ನ ಅವರ ಕಂಪನಿ ಮೇಲ್ ವಿಳಾಸಕ್ಕೆ ಎರಡು ಸಾಲು ಬರೆದು ಕಳಿಸಿ, ಹೇಳಿದವರ ಹೆಸರು ಸೇರಿಸಿ. ಗೇಟಿನ ಸೆಕ್ಯುರಿಟಿಯವನು ಪಟ್ಟಿ ಬೇರೆ ಇದೆ ಅಂದಾಗ ತೋರಿಸೋಕೆ ಏನಾದ್ರೂ ಇರುತ್ತೆ. ಮೇಲ್‌ಗೆ ಉತ್ತರ ಬರದೇ ಇರಬಹುದು, ಆದ್ರೂ ಕಳಿಸಿ.

ಕೇಳಿದ್ದಕ್ಕೆ ಸಿಟ್ಟಾಗೋ ಎಚ್‌ಆರ್ ಇಲ್ಲ ಅನ್ನಲ್ಲ. ಆದ್ರೆ ಸಿಟ್ಟಾಗಿದ್ದು ಮನೇಲಿ ಕೂತಾಗಲೇ ಗೊತ್ತಾದ್ರೆ ಟಿಕೆಟ್ ದುಡ್ಡಾದ್ರೂ ಉಳೀತು :) ನಿಮ್ಮೂರಿನ ಹುಡುಗರು ಬೇರೆ ಏನು ಕೇಳ್ತಾರೆ? ಕಾಮೆಂಟಲ್ಲಿ ಹೇಳಿ.